ಅಂಗಡಿಯ ವಾರದ ಲೆಕ್ಕ ಒಂದೇ ಹಾಳೆಯಲ್ಲಿ

ಕೇಳುಗರೇ, ನಮಸ್ಕಾರ. ಇವತ್ತಿನ ಮಾತು ಸಣ್ಣ ದಿನಸಿ ಅಂಗಡಿ ನಡೆಸುವವರ ಜೊತೆ. ವ್ಯಾಪಾರ ಹೇಗೆ ನಡೆಯುತ್ತಿದೆ ಅಂತ ವಾರಕ್ಕೊಮ್ಮೆ ನೋಡಿಕೊಳ್ಳಲು ಒಂದೇ ಒಂದು ಹಾಳೆ, ಅಂದರೆ ಡ್ಯಾಶ್‌ಬೋರ್ಡ್ ಮಾಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ಎಕ್ಸೆಲ್ ಬರುತ್ತದೆ ಅಂದರೆ ಅದರಲ್ಲಿ ಮಾಡಿ. ಇಲ್ಲ ಅಂದರೆ ಎ4 ಹಾಳೆ, ಪೆನ್ನು, ಸ್ಕೇಲು ಸಾಕು.

ಮೊದಲು ಒಂದು ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಾಲ್ಲೂಕು ಊರಿನ ದಿನಸಿ ಅಂಗಡಿ. ಬೆಳಿಗ್ಗೆ ಹಾಲು, ಬನ್ನು. ಆಮೇಲೆ ಅಕ್ಕಿ, ಬೇಳೆ, ಎಣ್ಣೆ, ಸೋಪು. ಎರಡು ತಿಂಗಳ ಹಿಂದೆ ವಾರದ ವ್ಯಾಪಾರ 1,26,000 ರೂಪಾಯಿ ಇತ್ತು. ಈ ವಾರವೂ 1,26,000. ಮಾಲೀಕರಿಗೆ ನೆಮ್ಮದಿ, ಅಂಗಡಿ ನಿಂತ ಕಡೆ ನಿಂತಿದೆ ಅಂತ.

ಈಗ ಆ ಮೊತ್ತವನ್ನು ಎರಡು ತುಂಡು ಮಾಡೋಣ. ವ್ಯಾಪಾರ ಅಂದರೆ ಎಷ್ಟು ಬಿಲ್ಲು ಆಯಿತು ಮತ್ತು ಒಂದು ಬಿಲ್ಲಿಗೆ ಸರಾಸರಿ ಎಷ್ಟು, ಇವೆರಡರ ಗುಣಾಕಾರ, ಅಷ್ಟೇ ಅಲ್ವಾ? ಆಗ 840 ಬಿಲ್ಲು, ಒಂದಕ್ಕೆ 150 ರೂಪಾಯಿ. ಈಗ 700 ಬಿಲ್ಲು, ಒಂದಕ್ಕೆ 180 ರೂಪಾಯಿ. ಮೊತ್ತ ಒಂದೇ, ಆದರೆ ವಾರಕ್ಕೆ 140 ಬಿಲ್ಲು ಕಾಣೆಯಾಗಿವೆ. ಇದನ್ನು ಮೊತ್ತ ಯಾವತ್ತೂ ಹೇಳುವುದಿಲ್ಲ.

ಇನ್ನೂ ಸ್ವಲ್ಪ ಒಳಗೆ ಹೋಗೋಣ. ಬಿಲ್ಲುಗಳನ್ನು ಹೊತ್ತಿನ ಪ್ರಕಾರ ವಿಂಗಡಿಸಿ ನೋಡಿದರೆ, ಕಾಣೆಯಾದವು ಬಹುತೇಕ ಎಲ್ಲವೂ ಬೆಳಿಗ್ಗೆ ಎಂಟರ ಒಳಗಿನವು. ಹಾಲಿನ ಗಾಡಿ ಮೊದಲು ಆರಕ್ಕೆ ಬರುತ್ತಿತ್ತು, ಈಗ ಏಳೂವರೆಗೆ ಬರುತ್ತಿದೆ. ಅಷ್ಟರಲ್ಲಿ ಜನ ಮುಂದಿನ ಬೀದಿಯ ಅಂಗಡಿಗೆ ಹೋಗಿ, ಹಾಲಿನ ಜೊತೆ ಬನ್ನು, ಬಿಸ್ಕತ್ತು ಎಲ್ಲವನ್ನೂ ಅಲ್ಲೇ ತಗೊಂಡು ಮನೆ ಸೇರಿದ್ದಾರೆ. ಒಂದೊಂದು 30 ರೂಪಾಯಿಯ ಬಿಲ್ಲು ಅಂದುಕೊಂಡರೆ 140 ಬಿಲ್ಲಿಗೆ 4,200 ರೂಪಾಯಿ ಹೋಯಿತು. ಹಾಗಾದರೆ ಮೊತ್ತ ಯಾಕೆ ಕಮ್ಮಿಯಾಗಲಿಲ್ಲ? ಎಣ್ಣೆ, ಬೇಳೆಯ ದರ ಏರಿತು. ಅದೇ ಗಿರಾಕಿ, ಅದೇ ಒಂದು ಲೀಟರ್ ಪ್ಯಾಕೆಟ್ಟು, ಕೊಟ್ಟ ದುಡ್ಡು ಮಾತ್ರ ಜಾಸ್ತಿ. ಆ 4,200 ಅಲ್ಲಿಂದ ತುಂಬಿಕೊಂಡಿತು. ಆದರೆ ಎಣ್ಣೆಗೆ ಜಾಸ್ತಿ ಬಂದ ದುಡ್ಡು ಹೋಲ್‌ಸೇಲ್‌ನವರಿಗೇ ಹೋಗುತ್ತದೆ, ನಿಮ್ಮ ಲಾಭಕ್ಕೆ ಸೇರುವುದಿಲ್ಲ.

ಅದಕ್ಕೇ ಹಾಳೆಯ ಮೇಲ್ಭಾಗದಲ್ಲಿ ಮೂರು ಅಂಕಿಗಳನ್ನು ದಪ್ಪವಾಗಿ, ಒಂದೇ ಸಾಲಿನಲ್ಲಿ ಬರೆಯಿರಿ: ವಾರದ ವ್ಯಾಪಾರ, ಬಿಲ್ಲುಗಳ ಸಂಖ್ಯೆ, ಸರಾಸರಿ ಬಿಲ್ಲು. ಪ್ರತಿಯೊಂದರ ಕೆಳಗೂ ಚಿಕ್ಕ ಅಕ್ಷರದಲ್ಲಿ ಹಿಂದಿನ ನಾಲ್ಕು ವಾರಗಳ ಸರಾಸರಿ ಇರಲಿ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದ ಅಂಕಿ ಸುಮ್ನೆ ಜಾಗ ತಿನ್ನುತ್ತದೆ.

ಹೋಲಿಕೆ ಬಗ್ಗೆ ಒಂದು ಎಚ್ಚರ. ದಿನದ ಲೆಕ್ಕ ನೋಡುವುದಾದರೆ ಸೋಮವಾರವನ್ನು ಭಾನುವಾರದ ಜೊತೆ ಹೋಲಿಸಬೇಡಿ. ಸಂತೆ ದಿನ ಸಂತೆ ದಿನದ ಜೊತೆಗೇ ಬರಬೇಕು. ಸಂಬಳದ ವಾರವೂ ಹಾಗೇ, ಹಿಂದಿನ ತಿಂಗಳ ಸಂಬಳದ ವಾರದ ಪಕ್ಕಕ್ಕೇ ಇಡಿ. ಕಳೆದ ವರ್ಷದ ಜೊತೆ ಹೋಲಿಸುವಾಗ ಇನ್ನೂ ಹುಷಾರಾಗಿರಬೇಕು. 2024ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು, 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ತಿಂಗಳಿಗೆ ತಿಂಗಳು ಹೋಲಿಸಿದ್ದರೆ 2025ರ ಸೆಪ್ಟೆಂಬರ್ ಬಿದ್ದುಹೋದ ಹಾಗೆ ಕಾಣುತ್ತಿತ್ತು, ಆಗಸ್ಟ್ ಭರ್ಜರಿಯಾಗಿ. ಎರಡೂ ನಿಜ ಅಲ್ಲ. ಹಬ್ಬದ ವಾರವನ್ನು ಹಬ್ಬದ ವಾರದ ಜೊತೆಯೇ ಇಟ್ಟು ನೋಡಬೇಕು.

ಹಾಳೆಯ ನಡುಭಾಗಕ್ಕೆ ಒಂದೇ ಗ್ರಾಫ್. ಹನ್ನೆರಡು ವಾರಗಳ ಬಿಲ್ಲು ಸಂಖ್ಯೆಯ ಗೆರೆ. ವ್ಯಾಪಾರದ ಮೊತ್ತದ ಗೆರೆ ಬೇಡ ಅಂತ ನಾನು ಹಟ ಹಿಡಿದು ಹೇಳುತ್ತೇನೆ, ಯಾಕೆಂದರೆ ದರ ಏರಿದ ಕಾಲದಲ್ಲಿ ಅದು ಮೇಲಕ್ಕೇ ಹೋಗುತ್ತಿರುತ್ತದೆ. ಬಣ್ಣಬಣ್ಣದ ವೃತ್ತ, ಗಾಡಿಯ ಮೀಟರಿನಂಥ ಮುಳ್ಳು, ಇವೂ ಬೇಡ. ಒಂದು ಅಂಕಿ ಹೇಳಲು ಕಾಲು ಹಾಳೆ ಹಾಳಾಗುತ್ತದೆ. ಕೆಂಪು ಬಣ್ಣ ಒಂದನ್ನು ಮಾತ್ರ ಇಟ್ಟುಕೊಳ್ಳಿ, ನಾಲ್ಕು ವಾರದ ಸರಾಸರಿಗಿಂತ ನೂರಕ್ಕೆ ಹತ್ತರಷ್ಟು ಕೆಳಗೆ ಇಳಿದಾಗ ಹಚ್ಚಲು.

ಆದರೆ ಒಂದು ಮಾತು. ಬಿಲ್ಲು ಸಂಖ್ಯೆ ನಂಬಬೇಕಾದರೆ ಎಲ್ಲ ಮಾರಾಟವೂ ಬಿಲ್ಲಿಗೆ ಬರಬೇಕು. ನಮ್ಮ ಅಂಗಡಿಗಳಲ್ಲಿ ಹಾಲು, ಶಾಂಪೂ ಸ್ಯಾಶೆಗೆ ಯಾರು ಬಿಲ್ಲು ಹಾಕುತ್ತಾರೆ? ಬಿಲ್ಲು ಹಾಕಲು ಆಗದಿದ್ದರೆ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ಗಿರಾಕಿಗೊಂದು ಗೀಟು, ನಾಲ್ಕಾದ ಮೇಲೆ ಐದನೆಯದು ಅಡ್ಡಗೀಟು. ಎಂಟರ ತನಕ ಒಂದು ಸಾಲು, ಮಧ್ಯಾಹ್ನದ ತನಕ ಒಂದು, ರಾತ್ರಿಯ ತನಕ ಒಂದು.

ಈಗ ಹಾಳೆಯ ಕೆಳಭಾಗ, ಎಡಗಡೆ: ಲಾಭ. ಬಾಡಿಗೆ, ಕರೆಂಟು ಕಳೆಯುವ ಮುಂಚಿನ ಲಾಭ, ಅಂದರೆ ಮಾರಿದ ದುಡ್ಡಿನಲ್ಲಿ ಆ ಸಾಮಾನಿನ ಅಸಲು ಕಳೆದರೆ ಉಳಿಯುವುದು. ಸಣ್ಣ ಅಂಗಡಿಯಲ್ಲಿ ಪ್ರತಿ ಸಾಮಾನಿಗೂ ಇದನ್ನು ಬರೆದಿಡಲು ಆಗುವುದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಹೀಗೆ ಮಾಡಿ: ತಿಂಗಳ ಮೊದಲ ದಿನ ಅಂಗಡಿಯಲ್ಲಿದ್ದ ಸರಕಿನ ಅಸಲಿಗೆ, ತಿಂಗಳಲ್ಲಿ ಕೊಂಡದ್ದನ್ನು ಕೂಡಿಸಿ. ಕೊನೆಯ ದಿನ ಉಳಿದ ಸರಕಿನ ಅಸಲನ್ನು ಅದರಲ್ಲಿ ಕಳೆಯಿರಿ. ಸಿಕ್ಕಿದ್ದು ಮಾರಿದ ಸರಕಿನ ಅಸಲು. ಇಲಿ ತಿಂದದ್ದು, ಡೇಟು ಮುಗಿದದ್ದು, ಮನೆಗೆ ಒಯ್ದದ್ದು ಎಲ್ಲವೂ ಇದರಲ್ಲೇ ಸೇರಿಹೋಗುತ್ತದೆ, ಅದಕ್ಕೇ ಈ ಲಾಭ ನಿಮ್ಮ ಅಂದಾಜಿಗಿಂತ ಸ್ವಲ್ಪ ಕಮ್ಮಿ ಬಂದರೆ ಗಾಬರಿ ಬೇಡ, ಮನೆಗೆ ಒಯ್ದದ್ದನ್ನು ಬೇರೆ ಬರೆದಿಡಲು ಶುರು ಮಾಡಿ. ನಮ್ಮ ಅಂಗಡಿಯಲ್ಲಿ ನೂರಕ್ಕೆ 12ರಂತೆ ವಾರಕ್ಕೆ 15,000 ಚಿಲ್ಲರೆ ಉಳಿಯುತ್ತಿತ್ತು. ಬೆಳಗಿನ 4,200ರ ವ್ಯಾಪಾರ ಹೋದದ್ದರಿಂದ ಹತ್ತಿರ ಹತ್ತಿರ 500 ರೂಪಾಯಿ ಕಮ್ಮಿಯಾಗಿದೆ, ವ್ಯಾಪಾರ ಒಂದು ರೂಪಾಯಿಯೂ ಇಳಿಯದೆ.

ಬಲಗಡೆ: ಉದ್ರಿ. ಇಲ್ಲಿ ಒಂದು ಗೊಂದಲ ತುಂಬಾ ಸಾಮಾನ್ಯ. ರಾತ್ರಿ ಫೋನ್ ತೆಗೆದು ಯುಪಿಐನಲ್ಲಿ ಬಂದದ್ದು, ಗಲ್ಲಾದಲ್ಲಿರುವುದು ಎರಡನ್ನೂ ಕೂಡಿಸಿ ಅದೇ ಇವತ್ತಿನ ವ್ಯಾಪಾರ ಅಂದುಬಿಡುತ್ತಾರೆ. ಹೋದ ತಿಂಗಳ ಉದ್ರಿ ಇವತ್ತು ತೀರಿಸಿದವರ ದುಡ್ಡೂ ಅದರಲ್ಲಿದೆ. ಇವತ್ತು ಉದ್ರಿ ಒಯ್ದವರ ಸಾಮಾನು ಅದರಲ್ಲಿ ಇಲ್ಲವೇ ಇಲ್ಲ. ಹೀಗೆ ಬರೆದರೆ ತಿಂಗಳ ಮೊದಲ ವಾರ ವ್ಯಾಪಾರ ಉಬ್ಬಿ, ಕೊನೆಯ ವಾರ ಸೊರಗಿ ಕಾಣುತ್ತದೆ. ವ್ಯಾಪಾರ ಬೇರೆ, ವಸೂಲಿ ಬೇರೆ ಬರೆಯಿರಿ. ಹಾಳೆಯಲ್ಲಿ ಎರಡೇ ಅಂಕಿ: ಒಟ್ಟು ಉದ್ರಿ ಬಾಕಿ, ಅದರಲ್ಲಿ ಮೂವತ್ತು ದಿನ ದಾಟಿದ್ದು ಎಷ್ಟು. ತಿಂಗಳ ಸಂಬಳದವರು ಸಂಬಳ ಬಂದ ಮೇಲೆ ಕೊಡುತ್ತಾರೆ, ಆ ಬಾಕಿಗೆ ತಲೆಬಿಸಿ ಬೇಡ. ನಿದ್ದೆ ಕೆಡಿಸುವುದು ಎರಡನೆಯದು. ಅದು ಬೆಳೆಯುತ್ತಿದ್ದರೆ ಉದ್ರಿ ಪುಸ್ತಕ ತೆಗೆದು ಹೆಸರು ನೋಡಿ. ಆದರೆ ಹೆಸರನ್ನು ಹಾಳೆಯ ಮೇಲೆ ಬರೆಯಬೇಡಿ. ಅದು ಗಲ್ಲಾದ ಹತ್ತಿರ ಇರುವ ಹಾಳೆ, ಬಂದುಹೋಗುವವರ ಕಣ್ಣಿಗೆ ಬೀಳುತ್ತದೆ.

ಬೇರೆ ಅಂಕಿ ಸೇರಿಸೋಣ ಅನ್ನಿಸಿದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಇಳಿದರೆ ನಾಳೆ ಬೆಳಿಗ್ಗೆ ನಾನು ಏನು ಮಾಡುತ್ತೇನೆ? ಉತ್ತರ ಇಲ್ಲದ ಅಂಕಿಗೆ ಜಾಗ ಕೊಡಬೇಡಿ. ನಮ್ಮ ಅಂಗಡಿಯ ಮಾಲೀಕರಿಗೆ ಉತ್ತರ ಇದೆ. ಹಾಲಿನ ಗಾಡಿಯವರ ಹತ್ತಿರ ಮಾತಾಡಬೇಕು, ಆಗದಿದ್ದರೆ ಆರಕ್ಕೆ ಹಾಲು ತಂದುಕೊಡುವ ಬೇರೆ ದಾರಿ ನೋಡಬೇಕು. ಆಮೇಲೆ ನಾಲ್ಕು ವಾರ ಎಂಟರ ಒಳಗಿನ ಗೀಟುಗಳನ್ನು ಎಣಿಸಬೇಕು. ಮೊತ್ತ ನೋಡುತ್ತ ಕೂತರೆ ಹಾಲು ಬಂದದ್ದರಿಂದ ಏರಿತೋ, ಎಣ್ಣೆ ದರದಿಂದ ಏರಿತೋ ತಿಳಿಯುವುದಿಲ್ಲ.

ಕೊನೆಗೆ ಹಾಳೆಯ ಅಡಿಯಲ್ಲಿ ಎರಡು ಬೆರಳಷ್ಟು ಖಾಲಿ ಜಾಗ ಬಿಡಿ. ಕೇಳಿದರು, ಇರಲಿಲ್ಲ ಅಂತ ತಲೆಬರಹ ಹಾಕಿ. ಗಿರಾಕಿ ಬಂದು ಕೇಳಿ, ಸಿಗದೆ ವಾಪಸ್ ಹೋದ ಸಾಮಾನು ಯಾವ ಬಿಲ್ಲಿಂಗ್ ಮಷೀನಿನಲ್ಲೂ ದಾಖಲಾಗುವುದಿಲ್ಲ. ಅಂಗಡಿಯ ಹುಡುಗನಿಗೆ ಹೇಳಿ, ಇಲ್ಲ ಅಂದ ಸಾಮಾನಿನ ಹೆಸರನ್ನು ಆ ಕ್ಷಣವೇ ಅಲ್ಲಿ ಬರೆಯಲಿ, ಎರಡನೆಯವರು ಕೇಳಿದರೆ ಪಕ್ಕದಲ್ಲಿ ಗೀಟು ಹಾಕಲಿ. ಮೂರು ಗೀಟು ಬಿದ್ದ ಸಾಮಾನು ಮುಂದಿನ ಹೋಲ್‌ಸೇಲ್ ಚೀಟಿಯಲ್ಲಿ ಇರಬೇಕು. ನಮಸ್ಕಾರ.