ಅಡುಗೆಮನೆಯ ಟೋಪಿ ಮತ್ತು ಕೂದಲಿನ ಬುಡ

ಕೇಳುಗರಿಗೆಲ್ಲ ನಮಸ್ಕಾರ.

ಅಡುಗೆಮನೆಯಲ್ಲಿ, ಬೇಕರಿಯಲ್ಲಿ, ಆಹಾರವನ್ನು ಪೊಟ್ಟಣ ಕಟ್ಟುವ ಕಡೆಗಳಲ್ಲಿ ದಿನವಿಡೀ ತಲೆ ಮುಚ್ಚಿಕೊಂಡು ದುಡಿಯುವವರಿಗೆ ಕೆಲಸ ಮುಗಿಸಿ ಟೋಪಿ ತೆಗೆಯುವ ಗಳಿಗೆ ಅಷ್ಟೇನೂ ಹಿತವಾಗಿರುವುದಿಲ್ಲ. ಹಣೆಯ ಮೇಲೆ ಪಟ್ಟಿಯ ಕೆಂಪು ಗುರುತು, ಒದ್ದೆಯಾದ ನೆತ್ತಿ, ತಲೆಗೆ ಮೆತ್ತಿಕೊಂಡು ಎಷ್ಟು ಬಾಚಿದರೂ ಏಳದ ಕೂದಲು ಎದುರಾಗುತ್ತವೆ. ಈ ಬೇಸರಕ್ಕೇ ಕೆಲವರು ಟೋಪಿಯನ್ನು ಹಿಂದಕ್ಕೆ ಸರಿಸಿ ಮುಂಗೂದಲನ್ನು ಹೊರಗೆ ಬಿಡುತ್ತಾರೆ. ಸೆಕೆ ತಡೆಯಲಾರದೆ ಪದೇ ಪದೇ ಟೋಪಿಯೊಳಗೆ ಬೆರಳಾಡಿಸುತ್ತಾರೆ. ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಸಹಜವಾಗಿಯೇ ಉದುರುತ್ತವೆ ಎಂಬುದನ್ನು ನೆನೆದರೆ, ಟೋಪಿಯ ಅಂಚಿನಿಂದ ಹೊರಬಿದ್ದ ಆ ಒಂದು ಎಳೆ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಮುಚ್ಚಿಕೆಯನ್ನು ಸಡಿಲಿಸದೆಯೇ ಬೆವರನ್ನೂ ಮೆತ್ತಿಕೊಳ್ಳುವಿಕೆಯನ್ನೂ ಹೇಗೆ ತಗ್ಗಿಸಬಹುದು ಎಂಬುದನ್ನು ಇಂದು ವಿವರಿಸುತ್ತೇನೆ.

ಟೋಪಿಯ ಭಾರಕ್ಕೆ ಕೂದಲು ಚಪ್ಪಟೆಯಾಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ನಿಜವಾದ ಕಾರಣ ನೀರು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದ್ದು, ಅದರ ಎಳೆಗಳನ್ನು ಒಂದು ಆಕಾರದಲ್ಲಿ ಹಿಡಿದಿಡುವ ಬಂಧಗಳಲ್ಲಿ ಜಲಜನಕದ ಬಂಧಗಳೂ ಸೇರಿವೆ. ಕೂದಲು ತೇವವಾದಾಗ ಇವು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವ ಹೊತ್ತಿಗೆ ಕೂದಲು ಯಾವ ಭಂಗಿಯಲ್ಲಿತ್ತೋ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಒಲೆಯ ಮುಂದೆ ಬೆವರಿ ಬುಡ ನೆನೆದು, ಟೋಪಿಯ ಒತ್ತಡದಲ್ಲಿ ತಲೆಗೆ ಒರಗಿ, ಹಾಗೆಯೇ ಒಣಗಿದ ಕೂದಲು ಒರಗಿಯೇ ಉಳಿಯುವುದು ಇದರಿಂದಲೇ. ಹಾಗಾಗಿ ನಮ್ಮ ಮುಂದಿರುವ ಕೆಲಸ ಮೂರು ವಿಷಯಗಳಿಗೆ ಸಂಬಂಧಿಸಿದ್ದು: ಬುಡದ ತೇವ, ಅದರ ಮೇಲಿನ ಒತ್ತಡ ಮತ್ತು ಒತ್ತಡದಲ್ಲಿ ಒದ್ದೆಯಾಗಿ ಕಳೆಯುವ ಸಮಯ.

ಭುಜದವರೆಗೆ ಕೂದಲಿರುವ, ದಿನಕ್ಕೆ ಎಂಟು ಗಂಟೆ ಒಲೆಯ ಬಳಿ ನಿಲ್ಲುವ ಒಬ್ಬ ಅಡುಗೆಯವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇವರು ಮಾಡಬೇಕಾದ ಮೊದಲ ಬದಲಾವಣೆಯೆಂದರೆ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಆತುರದಲ್ಲಿ ಟೋಪಿ ಹಾಕಿಕೊಳ್ಳುವುದನ್ನು ಬಿಟ್ಟು, ಹಿಂದಿನ ಸಂಜೆಯೇ ತಲೆ ತೊಳೆದು ಪೂರ್ತಿ ಒಣಗಿಸುವುದು. ಕೂದಲಿನ ತುದಿ ಒಣಗಿದೆ ಎಂದರೆ ಬುಡವೂ ಒಣಗಿದೆ ಎಂದಲ್ಲ. ಕೂದಲನ್ನು ಬಿಡಿಸಿ, ಹಿಂದಲೆಯಲ್ಲಿ ಕತ್ತಿಗಿಂತ ಸ್ವಲ್ಪ ಮೇಲೆ ಬೆರಳಿನ ಹಿಂಬದಿಯನ್ನು ಚರ್ಮಕ್ಕೆ ತಾಗಿಸಿ ನೋಡಬೇಕು. ಅಲ್ಲಿ ತಣ್ಣಗೆನಿಸಿದರೆ ಇನ್ನೂ ತೇವವಿದೆ ಎಂದು ಅರ್ಥ. ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಅದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬುಡದ ಎಣ್ಣೆ ಬೆವರಿನೊಂದಿಗೆ ಸೇರಿ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಎರಡನೆಯದು ಬೈತಲೆ. ಕೆಲಸದ ಹೊತ್ತಿನಲ್ಲಿ ಬೈತಲೆಯನ್ನು ನಿತ್ಯದ ಬದಿಗೆ ಎದುರಾದ ಬದಿಯಲ್ಲಿ ತೆಗೆದು ಬಾಚಿಕೊಳ್ಳಬೇಕು. ಟೋಪಿಯ ಕೆಳಗೆ ಬುಡ ಒರಗಿದರೂ ಅದು ವಿರುದ್ಧ ದಿಕ್ಕಿಗೆ ಒರಗಿರುತ್ತದೆ. ಸಂಜೆ ಬೈತಲೆಯನ್ನು ಸ್ವಸ್ಥಾನಕ್ಕೆ ತಂದಾಗ ಅದೇ ಒರಗಿಕೆ ಕೂದಲನ್ನು ಕೆಳಗಿನಿಂದ ಎತ್ತಿಕೊಡುತ್ತದೆ. ಇಷ್ಟು ಸುಲಭವಾದ ಉಪಾಯ ಹೆಚ್ಚು ಜನರಿಗೆ ತಿಳಿಯದಿರುವುದು ನನಗೆ ಆಶ್ಚರ್ಯವೇ. ಆಮೇಲೆ ಕೂದಲನ್ನು ಬಿಗಿಯಾಗಿ ಎಳೆಯದೆ ಸಡಿಲವಾದ ಜಡೆ ಹೆಣೆದು, ಕತ್ತಿನ ಹಿಂದೆ ತಗ್ಗಿನಲ್ಲಿ ಚಪ್ಪಟೆ ತುರುಬಾಗಿ ಸುತ್ತಬೇಕು. ತುರುಬು ನೆತ್ತಿಯ ಮೇಲಿದ್ದರೆ ಗಾಳಿಯಾಡಬೇಕಾದ ಜಾಗವನ್ನೇ ಅದು ತುಂಬಿಬಿಡುತ್ತದೆ. ದಿನವೂ ಒಂದೇ ಕಡೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಉದುರಿ ತೆಳುವಾಗುವ ಅಪಾಯವೂ ಉಂಟು. ತುರುಬಿಗೆ ರಬ್ಬರ್ ಬ್ಯಾಂಡ್ ಸಾಕು. ಹೇರ್‌ಪಿನ್ನುಗಳನ್ನು ಬಳಸಲೇಬೇಕಾದರೆ ಅವೆಲ್ಲ ಮುಚ್ಚಿಕೆಯ ಒಳಗೇ ಇರಬೇಕು, ಏಕೆಂದರೆ ಆಹಾರಕ್ಕೆ ಬಿದ್ದ ಪಿನ್ನು ಕೂದಲಿಗಿಂತ ದೊಡ್ಡ ಆಪತ್ತು.

ಇನ್ನು ಮುಚ್ಚಿಕೆಯ ವಿಚಾರ. ಒಂದೇ ದಪ್ಪ ಟೋಪಿಗಿಂತ, ಒಳಗೆ ಸಣ್ಣ ಕಣ್ಣಿನ ಹೇರ್ ನೆಟ್, ಅದರ ಮೇಲೆ ನೆತ್ತಿಯ ಭಾಗದಲ್ಲಿ ಜಾಲರಿಯಿರುವ ಹಗುರ ಟೋಪಿ ಎಂಬ ಜೋಡಿಯನ್ನೇ ನಾನು ಮೆಚ್ಚುತ್ತೇನೆ. ಕೂದಲನ್ನು ಹಿಡಿಯುವುದು ನೆಟ್ಟಿನ ಕೆಲಸ, ಬೆವರನ್ನು ಹೀರುವುದು ಟೋಪಿಯ ಪಟ್ಟಿಯ ಕೆಲಸ, ಬಿಸಿಗಾಳಿ ಹೊರಹೋಗುವುದು ಜಾಲರಿಯ ಮೂಲಕ. ಬೆವರು ಆವಿಯಾದಾಗ ಮಾತ್ರ ತಲೆ ತಂಪಾಗುತ್ತದೆ. ಗಾಳಿಯಾಡದ ಟೋಪಿಯೊಳಗೆ ಅದು ಆವಿಯಾಗಲಾರದೆ ಹನಿಯಾಗಿಯೇ ಉಳಿದು ಕೂದಲನ್ನು ನೆನೆಸುತ್ತದೆ. ಜಾಲರಿಯ ಟೋಪಿಯೊಂದನ್ನೇ ಹಾಕಿದರೆ ಗಿಡ್ಡ ಕೂದಲು ಅದರ ಕಣ್ಣುಗಳಿಂದ ನುಸುಳುವುದರಿಂದ ನೆಟ್ ಬೇಕೇ ಬೇಕು. ಪೂರ್ತಿ ಮುಚ್ಚಿದ ಟೋಪಿಯೇ ಕಡ್ಡಾಯವೆಂದು ಕೆಲಸದ ಜಾಗದ ನಿಯಮವಿದ್ದರೆ ಅದರಂತೆಯೇ ನಡೆಯಬೇಕು. ಆಗ ಹಗುರವಾದುದನ್ನು ಆರಿಸಿ ಹೆಚ್ಚು ಬಾರಿ ಬದಲಿಸುವುದೊಂದೇ ದಾರಿ. ತಲೆವಸ್ತ್ರ ಕಟ್ಟುವವರು ಅದರ ತುದಿಗಳನ್ನು ಪೂರ್ತಿ ಒಳಗೆ ಸಿಕ್ಕಿಸಬೇಕು, ಒಲೆಯ ಬಳಿ ನೇತಾಡುವ ಬಟ್ಟೆಗೆ ಬೆಂಕಿ ತಗಲಬಹುದು.

ಟೋಪಿಯ ಪಟ್ಟಿ ಕೂದಲಿನ ಮೇಲಲ್ಲದೆ ಹಣೆಯ ಚರ್ಮದ ಮೇಲೆ, ಕೂದಲಂಚಿಗಿಂತ ತುಸು ಕೆಳಗೆ ಕೂರಬೇಕು. ಅಲ್ಲಿ ಒಂದು ಬೆರಳು ಆರಾಮವಾಗಿ ತೂರುವಷ್ಟು ಸಡಿಲವಿದ್ದರೆ ಸರಿ. ಟೋಪಿ ತೆಗೆದು ಅರ್ಧ ಗಂಟೆಯಾದರೂ ಗುರುತು ಮಾಸದಿದ್ದರೆ ಬಿಗಿ ಹೆಚ್ಚಾಗಿದೆ. ಇದನ್ನೆಲ್ಲ ಏಪ್ರನ್ ಕಟ್ಟಿಕೊಳ್ಳುವ ಮೊದಲೇ ಮುಗಿಸಬೇಕು. ಹಾಗೆ ಮಾಡಿದರೆ ಬಾಚುವಾಗ ಉದುರಿದ ಕೂದಲು ಶುಭ್ರವಾದ ಏಪ್ರನ್ನಿನ ಮೇಲೆ ಕೂರುವುದಿಲ್ಲ. ಕೊನೆಯಲ್ಲಿ ಕನ್ನಡಿಯ ಮುಂದೆ ಕಿವಿಯ ಮುಂದಿನ ಎಳೆಗಳನ್ನೂ ಕತ್ತಿನ ಹಿಂದಿನ ಸಣ್ಣ ಕೂದಲನ್ನೂ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಜಾರುವುದು ಈ ಎರಡು ಕಡೆಗಳಲ್ಲೇ.

ಕೆಲಸದ ನಡುವಿನ ವಿರಾಮವನ್ನು ಬಳಸಿಕೊಳ್ಳದಿದ್ದರೆ ಮೇಲಿನ ಸಿದ್ಧತೆಯ ಅರ್ಧ ಫಲ ವ್ಯರ್ಥ. ಆಹಾರವಿರುವ ಜಾಗದಿಂದ ಹೊರಬಂದು ಟೋಪಿ, ನೆಟ್ ಎರಡನ್ನೂ ತೆಗೆದು, ತಲೆ ಬಗ್ಗಿಸಿ ಬೆರಳ ತುದಿಗಳಿಂದ ಬುಡವನ್ನು ಬಿಡಿಸಿ, ಹತ್ತು ನಿಮಿಷ ಫ್ಯಾನಿನ ಗಾಳಿಗೆ ಒಡ್ಡಬೇಕು. ಹೀಗೆ ಬುಡ ಒತ್ತಡದಲ್ಲಿ ಒಣಗುವ ಬದಲು ಬಿಡುವಾಗಿ ಒಣಗುತ್ತದೆ. ಒದ್ದೆಯಾದ ಟೋಪಿಯನ್ನೇ ಮತ್ತೆ ಹಾಕಿಕೊಳ್ಳದೆ ಜೊತೆಗೆ ತಂದ ಇನ್ನೊಂದನ್ನು ಹಾಕಿ, ಕೂದಲು ಮುಟ್ಟಿದ ಕೈಗಳನ್ನು ಸೋಪಿನಿಂದ 20 ಸೆಕೆಂಡು ಉಜ್ಜಿ ತೊಳೆದು ಒಳಗೆ ಹೋಗಬೇಕು. ತಲೆಯ ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಇರಬಹುದಾದ್ದರಿಂದ ಈ ಕೈತೊಳೆತವನ್ನು ಬಿಡುವಂತಿಲ್ಲ.

ತೆಳ್ಳಗಿನ, ನೇರವಾದ ಕೂದಲಿನವರಿಗೆ ಇಷ್ಟೆಲ್ಲ ಮಾಡಿದರೂ ಸ್ವಲ್ಪ ಒರಗುವಿಕೆ ಉಳಿದೇ ಉಳಿಯುತ್ತದೆ. ಅದಕ್ಕಾಗಿ ಇಡೀ ತಲೆಯನ್ನು ಪುನಃ ತೊಳೆಯಬೇಕಾಗಿಲ್ಲ. ಮನೆಗೆ ಬಂದ ಮೇಲೆ ಬೆರಳ ತುದಿಯನ್ನು ನೀರಲ್ಲಿ ಅದ್ದಿ ನೆತ್ತಿಯ ಬುಡಕ್ಕಷ್ಟೇ ಸವರಿ, ಬೈತಲೆಯನ್ನು ನಿತ್ಯದ ಜಾಗಕ್ಕೆ ತಂದು, ತಲೆ ಬಗ್ಗಿಸಿ ಕೂದಲನ್ನು ಬುಡದಿಂದ ಮೇಲೆತ್ತಿ ಹಿಡಿದು ಫ್ಯಾನಿಗೋ ಹೇರ್ ಡ್ರೈಯರಿನ ಹದ ಬಿಸಿಗೋ ಒಣಗಿಸಿದರೆ ಕೂದಲು ಹೊಸ ಭಂಗಿಯಲ್ಲಿ ನಿಲ್ಲುತ್ತದೆ. ಪೂರ್ತಿ ಒಣಗುವ ಮೊದಲೇ ಕೈಬಿಟ್ಟರೆ ಅದು ಮತ್ತೆ ಕುಸಿಯುತ್ತದೆ. ಬೆವರಿನ ಉಪ್ಪಿನಿಂದ ನೆತ್ತಿ ಕೆರೆಯುತ್ತಿದ್ದರೆ, ಸಣ್ಣ ಗುಳ್ಳೆಗಳು ಎದ್ದಿದ್ದರೆ ಅಂದು ತಲೆ ತೊಳೆಯುವುದೇ ಸರಿ. ಗುಳ್ಳೆಗಳಲ್ಲಿ ಕೀವು ಕಂಡರೆ ಚರ್ಮವೈದ್ಯರಿಗೆ ತೋರಿಸಬೇಕು, ಮೇಲಿನವರಿಗೂ ತಿಳಿಸಬೇಕು. ಬಟ್ಟೆಯ ಟೋಪಿಯನ್ನು ಅಂದಂದೇ ಒಗೆದು ಹರವಿ ಒಣಗಿಸಿ, ಒಮ್ಮೆ ಬಳಸಿ ಬಿಡುವ ನೆಟ್ಟನ್ನು ಕೆಲಸದ ಜಾಗದ ಕಸದ ಬುಟ್ಟಿಗೇ ಹಾಕಿ ಬರಬೇಕು.

ನಮಸ್ಕಾರ.