ಇಡಿಗಂಟು ಕೈಗೆ ಬಂದಾಗ: ಸಾಲದ ಅವಧಿ ಇಳಿಸೋದಾ, ಕಂತು ಇಳಿಸೋದಾ?

ಕೇಳುಗರಿಗೆ ನಮಸ್ಕಾರ.

ಮನೆ ಸಾಲ ಕಟ್ಟುತ್ತಿರುವವರ ಕೈಗೆ ಒಮ್ಮೊಮ್ಮೆ ಒಂದು ದೊಡ್ಡ ಮೊತ್ತ ಬರುತ್ತದೆ. ವಿಮೆ ಪಾಲಿಸಿಯ ಅವಧಿ ಮುಗಿದಿರಬಹುದು, ಊರಿನ ಜಮೀನು ಮಾರಿದ್ದರಲ್ಲಿ ಪಾಲು ಬಂದಿರಬಹುದು. ಇದನ್ನು ಸಾಲಕ್ಕೇ ಕಟ್ಟಿಬಿಡೋಣ ಅಂತ ಬ್ಯಾಂಕಿಗೆ ಹೋದರೆ, ಅಲ್ಲಿ ಕೇಳುತ್ತಾರೆ: "ಅವಧಿ ಕಡಿಮೆ ಮಾಡಬೇಕಾ ಸಾರ್, ಕಂತು ಕಡಿಮೆ ಮಾಡಬೇಕಾ?" ನಮ್ಮಲ್ಲಿ ಬಹಳ ಜನ ಆ ಕ್ಷಣಕ್ಕೆ ತೋಚಿದ ಉತ್ತರ ಕೊಟ್ಟು ಬರುತ್ತಾರೆ. ಇನ್ನು ಕೆಲವು ಕಡೆ ಕೇಳುವುದೂ ಇಲ್ಲ. ಅವಧಿ ಇಳಿಸಿ ಕಳಿಸುತ್ತಾರೆ. ಇವತ್ತು ಈ ಒಂದು ಪ್ರಶ್ನೆಯನ್ನೇ ಲೆಕ್ಕ ಹಾಕಿ ನೋಡೋಣ. ಹತ್ತಿರ ಪೆನ್ನು, ಕಾಗದ ಇದ್ದರೆ ಒಳ್ಳೆಯದು.

ದಾವಣಗೆರೆಯಲ್ಲಿ ಒಬ್ಬ ಸರ್ಕಾರಿ ಶಾಲೆಯ ಮೇಷ್ಟ್ರು ಇದ್ದಾರೆ ಅಂದುಕೊಳ್ಳಿ. ವಯಸ್ಸು 49. ಐದು ವರ್ಷದ ಹಿಂದೆ ಮನೆ ಕಟ್ಟಲು 30 ಲಕ್ಷ ಸಾಲ ತೆಗೆದರು. ಬಡ್ಡಿ ಶೇಕಡಾ 8.5, ಅವಧಿ 20 ವರ್ಷ, ತಿಂಗಳ ಕಂತು 26,035 ರೂಪಾಯಿ. ಲೆಕ್ಕ ಸುಲಭವಾಗಲಿ ಅಂತ ಬಡ್ಡಿ ದರ ಅಷ್ಟೇ ಇತ್ತು ಅಂತ ಇಟ್ಟುಕೊಳ್ಳೋಣ. 60 ಕಂತು ತಪ್ಪದೆ ಕಟ್ಟಿದ್ದಾರೆ. ಅಂದರೆ ಸುಮಾರು 15 ಲಕ್ಷ 62 ಸಾವಿರ ಹೋಗಿದೆ. ಆದರೆ ಅಸಲು ಇಳಿದಿರುವುದು 3 ಲಕ್ಷ 56 ಸಾವಿರ ಮಾತ್ರ. ಉಳಿದದ್ದೆಲ್ಲ ಬಡ್ಡಿ. ಇನ್ನೂ 26 ಲಕ್ಷ 44 ಸಾವಿರ ಅಸಲು ಬಾಕಿ ಇದೆ, 180 ಕಂತು ಉಳಿದಿವೆ. ಈಗ ಊರಿನ ತೋಟದ ಪಾಲು ಅಂತ 5 ಲಕ್ಷ ಬಂದಿದೆ. ಕಟ್ಟಿದರು. ಬಾಕಿ 21 ಲಕ್ಷ 44 ಸಾವಿರಕ್ಕೆ ಇಳಿಯಿತು.

ಈಗ ಮೊದಲನೇ ದಾರಿ. ಕಂತು ಅದೇ 26,035. ಅವಧಿ ಇಳಿಯುತ್ತದೆ. 180 ಕಂತಿನ ಜಾಗದಲ್ಲಿ 124 ಕಂತಿಗೇ ಸಾಲ ಮುಗಿಯುತ್ತದೆ. ನಾಲ್ಕು ವರ್ಷ ಎಂಟು ತಿಂಗಳು ಮುಂಚೆ. ಏನೂ ಕಟ್ಟದೆ ಹಾಗೇ ಮುಂದುವರಿದಿದ್ದರೆ ಇನ್ನು ಮುಂದೆ 20 ಲಕ್ಷ 42 ಸಾವಿರ ಬಡ್ಡಿ ಹೋಗುತ್ತಿತ್ತು. ಈಗ 10 ಲಕ್ಷ 85 ಸಾವಿರ ಸಾಕು. ಹೆಚ್ಚುಕಡಿಮೆ ಒಂಬತ್ತೂವರೆ ಲಕ್ಷ ಉಳಿತಾಯ.

ಎರಡನೇ ದಾರಿ. ಅವಧಿ ಅದೇ 180 ತಿಂಗಳು. ಕಂತು 21,111 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ 4,924 ರೂಪಾಯಿ ಮನೆಯಲ್ಲೇ ಉಳಿಯುತ್ತದೆ. ಮುಂದಿನ ಬಡ್ಡಿ 16 ಲಕ್ಷ 56 ಸಾವಿರ. ಉಳಿತಾಯ 3 ಲಕ್ಷ 86 ಸಾವಿರ.

ಒಂದು ಕಡೆ ಒಂಬತ್ತೂವರೆ ಲಕ್ಷ, ಇನ್ನೊಂದು ಕಡೆ ನಾಲ್ಕು ಲಕ್ಷಕ್ಕೂ ಕಡಿಮೆ. ಇದನ್ನು ನೋಡಿ "ಅವಧಿ ಇಳಿಸೋದೇ ಸರಿ, ಕಂತು ಇಳಿಸಿದವನು ದಡ್ಡ" ಅಂತ ಹೇಳುವವರು ಬಹಳ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಈ ಹೋಲಿಕೆ ಅರ್ಧ ಮಾತ್ರ ನಿಜ. ಉಳಿದ ಅರ್ಧ ಅರ್ಥವಾಗಬೇಕಾದರೆ ಹಣ ಕಟ್ಟಿದ ಮರುತಿಂಗಳನ್ನು ಹತ್ತಿರದಿಂದ ನೋಡಬೇಕು.

ಮರುತಿಂಗಳು ಬ್ಯಾಂಕು ಬಡ್ಡಿ ಹಾಕುವುದು ಬಾಕಿ ಇರುವ ಅಸಲಿನ ಮೇಲೆ. ಅಸಲು ಎರಡೂ ದಾರಿಯಲ್ಲಿ 21 ಲಕ್ಷ 44 ಸಾವಿರವೇ. ಹಾಗಾಗಿ ಆ ತಿಂಗಳ ಬಡ್ಡಿಯೂ ಎರಡರಲ್ಲೂ ಒಂದೇ, 15,186 ರೂಪಾಯಿ. 5 ಲಕ್ಷ ಮಾಡಬೇಕಾದ ಕೆಲಸ ಅಷ್ಟೇ, ಅದನ್ನು ಎರಡೂ ಕಡೆ ಸಮನಾಗಿ ಮಾಡಿದೆ. ವ್ಯತ್ಯಾಸ ಇರುವುದು ನೀವು ಕಟ್ಟುವ ಕಂತಿನಲ್ಲಿ. 26,035 ಕಟ್ಟಿದರೆ ಬಡ್ಡಿ ಹೋಗಿ 10,849 ರೂಪಾಯಿ ಅಸಲಿಗೆ ಸೇರುತ್ತದೆ. 21,111 ಕಟ್ಟಿದರೆ ಅಸಲಿಗೆ ಸೇರುವುದು 5,925 ಮಾತ್ರ. ಆ ತಿಂಗಳಿಂದ ಎರಡೂ ಖಾತೆ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಅಂದರೆ ಒಂದು ದಾರಿಗೂ ಇನ್ನೊಂದಕ್ಕೂ ಇರುವ 5 ಲಕ್ಷ 71 ಸಾವಿರದ ಅಂತರ ಆ ಇಡಿಗಂಟಿನಿಂದ ಬಂದದ್ದಲ್ಲ. ತಿಂಗಳು ತಿಂಗಳೂ ಆ 4,924 ರೂಪಾಯಿ ಕಟ್ಟುತ್ತಾ ಹೋದದ್ದರಿಂದ ಬಂದದ್ದು. ಮೇಷ್ಟ್ರು ಕಂತು ಇಳಿಸಿಕೊಂಡು, ಉಳಿದ 4,924 ರೂಪಾಯಿಯನ್ನೂ ತಿಂಗಳು ತಪ್ಪದೆ ಅಸಲಿಗೇ ಕಟ್ಟುತ್ತಾ ಹೋದರೆ? ಆಗಲೂ ಸಾಲ 124 ತಿಂಗಳಿಗೇ ಮುಗಿಯುತ್ತದೆ, ಬಡ್ಡಿಯೂ ಅಷ್ಟೇ ಆಗುತ್ತದೆ. ಒಂದು ರೂಪಾಯಿಯ ನಷ್ಟವೂ ಇಲ್ಲ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ. ಕಂತು ಇಳಿಸಿದ ಮೇಲೆ ಉಳಿಯುವ ದುಡ್ಡು ಎಲ್ಲಿಗೆ ಹೋಗುತ್ತದೆ?

ಅದು ದಿನಸಿ, ಪೆಟ್ರೋಲು, ಹಬ್ಬದ ಬಟ್ಟೆ ಅಂತ ಕರಗಿಹೋಗುತ್ತದೆ ಅಂತಾದರೆ ಅವಧಿ ಇಳಿಸಿ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಆಗುವುದು ಇದೇ. ಸಂಬಳ ಬಂದ ದಿನವೇ ಕಂತು ಕಡಿತವಾದರೆ ಅದು ಖರ್ಚಿನ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲ, ಅದನ್ನು ಆರ್‌ಡಿ ಮಾಡುತ್ತೇನೆ ಅಂದರೆ? ಲೆಕ್ಕ ಹಾಕೋಣ. ಆರ್‌ಡಿಗೆ ಶೇಕಡಾ 6.5 ಬಡ್ಡಿ, ಅದರ ಮೇಲೆ ಶೇಕಡಾ 20 ತೆರಿಗೆ ಅಂದುಕೊಂಡರೆ ಕೈಗೆ ಸಿಗುವುದು ಶೇಕಡಾ 5.2. 124 ತಿಂಗಳು ಕಟ್ಟಿದರೆ 8 ಲಕ್ಷ 6 ಸಾವಿರ ಆಗುತ್ತದೆ. ಅದೇ ಹೊತ್ತಿಗೆ ಸಾಲದಲ್ಲಿ ಬಾಕಿ ಇರುವುದು 9 ಲಕ್ಷ 73 ಸಾವಿರ. 1 ಲಕ್ಷ 67 ಸಾವಿರ ಕಡಿಮೆ ಬೀಳುತ್ತದೆ. ತೆರಿಗೆ ಕಳೆದು ಶೇಕಡಾ 8.5 ಸಿಕ್ಕರೆ ಮಾತ್ರ ಎರಡೂ ಸರಿಸಮ. ಬ್ಯಾಂಕ್ ಠೇವಣಿಯಲ್ಲಿ ಅಷ್ಟು ಸಿಗುವುದಿಲ್ಲ. ಷೇರು ಫಂಡುಗಳಲ್ಲಿ ಸಿಗಬಹುದು, ಸಿಗದೆಯೂ ಇರಬಹುದು. ಸಾಲದ ಬಡ್ಡಿ ಉಳಿಯುವುದು ಮಾತ್ರ ಖಂಡಿತ.

ಇಲ್ಲಿ ತೆರಿಗೆಯ ಮಾತು ಒಂದಿಷ್ಟು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಅವರಿಗೆ ಸಾಲ ನಿಜಕ್ಕೂ ಸ್ವಲ್ಪ ಅಗ್ಗವೇ. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಈ ವಿನಾಯಿತಿ ಇಲ್ಲ. ಹಾಗಾಗಿ ಅವರಿಗೆ 8.5 ಅಂದರೆ ಪೂರ್ತಿ 8.5.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ಹೆಚ್ಚಿನ ಮನೆ ಸಾಲಗಳ ಬಡ್ಡಿ ದರ ಏರಿಳಿಯುತ್ತಿರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಆಗ ಎಷ್ಟೋ ಜನರ ಕಂತು ಏರಲಿಲ್ಲ, ಸದ್ದಿಲ್ಲದೆ ಅವಧಿ ಬೆಳೆಯಿತು. ನಮ್ಮ ಮೇಷ್ಟ್ರ ಸಾಲಕ್ಕೆ ದರ ಬರೀ ಒಂದು ಶೇಕಡಾ ಏರಿ 9.5 ಆಯಿತು, ಕಂತು ಹಾಗೇ ಇಟ್ಟರು ಅಂದುಕೊಳ್ಳಿ. ಅವಧಿ ಇಳಿಸಿಕೊಂಡಿದ್ದರೆ 124 ತಿಂಗಳು 134 ಆಗುತ್ತದೆ. ಹತ್ತು ಕಂತು ಜಾಸ್ತಿ. ಕಂತು ಇಳಿಸಿಕೊಂಡಿದ್ದರೆ 180 ತಿಂಗಳು 207 ಆಗುತ್ತದೆ. 27 ಕಂತು ಜಾಸ್ತಿ! ಕಾರಣ ಸರಳ. ಸಣ್ಣ ಕಂತಿನಲ್ಲಿ ಬಡ್ಡಿ ಕಳೆದು ಅಸಲಿಗೆ ಉಳಿಯುವುದೇ ಕಡಿಮೆ. ದರ ಏರಿದರೆ ಆ ಉಳಿಕೆಯನ್ನೂ ಬಡ್ಡಿಯೇ ನುಂಗುತ್ತದೆ.

ಮೇಷ್ಟ್ರ ವಯಸ್ಸು 49 ಅಂದೆನಲ್ವಾ? ಅವರು ನಿವೃತ್ತರಾಗುವುದು 60ಕ್ಕೆ. ಕಂತು ಇಳಿಸಿದರೆ ಸಾಲ 64ರವರೆಗೆ ಎಳೆಯುತ್ತದೆ. ಪಿಂಚಣಿಯಲ್ಲಿ ನಾಲ್ಕು ವರ್ಷ ಕಂತು ಕಟ್ಟಬೇಕು. ಅವಧಿ ಇಳಿಸಿದರೆ 60 ತುಂಬುವ ಮೊದಲೇ ಸಾಲ ತೀರುತ್ತದೆ. ಅವರ ಸಂಬಳ ನಿಂತು ಹೋಗುವಂಥದ್ದಲ್ಲ, ಈಗಿನ ಕಂತು ಭಾರವಾಗಿಯೂ ಇಲ್ಲ. ನನ್ನನ್ನು ಕೇಳಿದರೆ ಅವರು ಎರಡನೇ ಯೋಚನೆ ಮಾಡದೆ ಅವಧಿ ಇಳಿಸಬೇಕು.

ಆದರೆ ಎಲ್ಲರೂ ಸರ್ಕಾರಿ ಮೇಷ್ಟ್ರಲ್ಲ. ಖಾಸಗಿ ಕಂಪನಿಯಲ್ಲಿ ಕೆಲಸ, ಅಲ್ಲಿ ಜನರನ್ನು ತೆಗೆಯುತ್ತಿದ್ದಾರೆ ಅನ್ನುವ ಸುದ್ದಿ ಇದೆ. ಹೆಂಡತಿ ಮಗುವಿಗಾಗಿ ಎರಡು ವರ್ಷ ಕೆಲಸ ಬಿಡುವವರಿದ್ದಾರೆ. ಅಥವಾ ಅಂಗಡಿಯ ವ್ಯಾಪಾರ, ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಇಂಥವರು ಕಂತು ಇಳಿಸಿಕೊಂಡರೆ ಅದು ದಡ್ಡತನವಲ್ಲ. ಕಂತು ಇಳಿಸಿದವರು ದುಡ್ಡು ಇದ್ದಾಗ ಜಾಸ್ತಿ ಕಟ್ಟಬಹುದು, ಅದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಅವಧಿ ಇಳಿಸಿದವರು ಕಷ್ಟ ಬಂದಾಗ "ನನ್ನ ಹಳೆಯ ಅವಧಿ ವಾಪಸ್ ಕೊಡಿ" ಅಂದರೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಆದಾಯದ ಪರಿಶೀಲನೆ. ಕೆಲಸ ಹೋದ ಮೇಲೆ ಯಾವ ಆದಾಯ ತೋರಿಸುತ್ತೀರಿ? ಒಂದೆರಡು ಕಂತು ತಪ್ಪಿದರೆ ಸಿಬಿಲ್ ಅಂಕವೂ ಇಳಿಯುತ್ತದೆ. ಹಾಗೆ ನೋಡಿದರೆ, ಆರ್‌ಡಿ ಲೆಕ್ಕದಲ್ಲಿ ಕಂಡ ಆ 1 ಲಕ್ಷ 67 ಸಾವಿರ ಹತ್ತು ವರ್ಷ ಕೈಯಲ್ಲಿ ದುಡ್ಡು ಇಟ್ಟುಕೊಂಡದ್ದರ ಬೆಲೆ. ಕೆಲಸದ ಭರವಸೆ ಇಲ್ಲದವರಿಗೆ ಆ ಬೆಲೆ ಕೊಡುವುದು ಸರಿಯೇ.

ನಡುವಿನ ದಾರಿಯೂ ಇದೆ. ಅವಧಿಯನ್ನು 150 ತಿಂಗಳಿಗೆ ಇಳಿಸಿ ಅಂತ ಕೇಳಿ. ಆಗ ಕಂತು ಸುಮಾರು 23,250 ಆಗುತ್ತದೆ. ಕಂತೂ ಸ್ವಲ್ಪ ಹಗುರ, ಸಾಲವೂ ಎರಡೂವರೆ ವರ್ಷ ಮುಂಚೆ ತೀರುತ್ತದೆ. ಕೇಳದಿದ್ದರೆ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಯಾವ ದಾರಿ ಹಿಡಿದರೂ, ಐದಕ್ಕೆ ಐದು ಲಕ್ಷವನ್ನೂ ಸಾಲಕ್ಕೆ ಸುರಿಯುವ ಮೊದಲು ಆಸ್ಪತ್ರೆ ಖರ್ಚಿಗೆ, ಕೆಲವು ತಿಂಗಳ ಮನೆ ಖರ್ಚಿಗೆ ದುಡ್ಡು ಬೇರೆ ಇದೆಯಾ ನೋಡಿಕೊಳ್ಳಿ. ಕ್ರೆಡಿಟ್ ಕಾರ್ಡಿನ ಬಾಕಿಯೋ ಪರ್ಸನಲ್ ಲೋನೋ ಇದ್ದರೆ ಅದು ಮೊದಲು ತೀರಲಿ. ಅದರ ಬಡ್ಡಿ ಮನೆ ಸಾಲಕ್ಕಿಂತ ಎಷ್ಟೋ ಜಾಸ್ತಿ.

ಇನ್ನು ಕಟ್ಟುವ ಕ್ರಮ. ಸುಮ್ನೆ ಸಾಲದ ಖಾತೆಗೆ ಹಣ ಹಾಕಿ ಕೂರಬೇಡಿ. ಕೆಲವು ಕಡೆ ಅದನ್ನು ಮುಂಗಡ ಕಂತು ಅಂತ ಹಿಡಿದುಕೊಳ್ಳುತ್ತಾರೆ. ಆಗ ಅಸಲು ಇಳಿಯುವುದಿಲ್ಲ, ಬಡ್ಡಿ ಮೊದಲಿನಂತೆಯೇ ಓಡುತ್ತದೆ. ಒಂದು ಅರ್ಜಿ ಬರೆದುಕೊಡಿ. ಇಷ್ಟು ಹಣವನ್ನು ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಇಳಿಸಿ ಅಂತ. ಅಥವಾ ಅವಧಿ ಹಾಗೇ ಇರಲಿ, ಕಂತು ಇಳಿಸಿ ಅಂತ. ಸ್ವೀಕರಿಸಿದ ಮುದ್ರೆ ಇರುವ ಪ್ರತಿ ನಿಮ್ಮ ಹತ್ತಿರ ಇರಲಿ. ಏರಿಳಿಯುವ ಬಡ್ಡಿಯ ಮನೆ ಸಾಲಕ್ಕೆ, ಸಾಲ ವ್ಯಕ್ತಿಯ ಹೆಸರಿನಲ್ಲಿದ್ದರೆ, ಹೀಗೆ ಮುಂಚಿತವಾಗಿ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ. ನಿಗದಿತ ಬಡ್ಡಿಯ ಸಾಲವಾದರೆ ಕರಾರು ಪತ್ರ ನೋಡಿಕೊಳ್ಳಿ. ತೀರ್ಮಾನ ಆದ ಮೇಲೆ ತಡ ಮಾಡಬೇಡಿ. 5 ಲಕ್ಷ ಉಳಿತಾಯ ಖಾತೆಯಲ್ಲಿ ಒಂದು ತಿಂಗಳು ಸುಮ್ಮನೆ ಕೂತರೆ ಸಾಲದ ಕಡೆ ಸುಮಾರು 3,500 ರೂಪಾಯಿ ಬಡ್ಡಿ ಓಡಿರುತ್ತದೆ.

ಕಟ್ಟಿದ ಮೇಲೆ ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ಬಾಕಿ ಅಸಲು ನೀವು ಕಟ್ಟಿದಷ್ಟು ಪೂರ್ತಿ ಇಳಿದಿದೆಯಾ, ಕೊನೆಯ ಕಂತಿನ ತಾರೀಖು ಯಾವುದು, ಇವೆರಡನ್ನು ಮೊದಲು ನೋಡಿ. ಕಂತು ಇಳಿಸಿಕೊಂಡವರು, ಮುಂದಿನ ತಿಂಗಳು ಸಂಬಳದ ಖಾತೆಯಿಂದ ಎಷ್ಟು ಕಡಿತವಾಯಿತು ಅಂತಲೂ ನೋಡಬೇಕು. ಖಾತೆಯಿಂದ ತಾನಾಗಿ ಕಡಿತವಾಗುವ ಆದೇಶ ಹಳೆಯ ಮೊತ್ತದಲ್ಲೇ ಉಳಿದಿರುವುದುಂಟು. ಹಾಗಿದ್ದರೆ ಅದೇ ವಾರ ಶಾಖೆಗೆ ಹೋಗಿ ತಿದ್ದಿಸಿ, ಜಾಸ್ತಿ ಹೋದದ್ದು ಅಸಲಿಗೆ ಜಮಾ ಆಗಿದೆಯಾ ಅಂತ ಕೇಳಿ ಬನ್ನಿ.

ನಮಸ್ಕಾರ.