ಪಪ್ಪಾಯಿ ತಂದೆ, ಮನೆಯಲ್ಲಿ ಪಂಚಾಯ್ತಿ ಶುರುವಾಯ್ತು

ಹಾಂ, ಆನ್ ಆಗಿದೆ. ಹಿಂದೆ ಗರ್ ಅಂತ ಕೇಳುತ್ತಿರುವುದು ನಮ್ಮ ಕೂಲರ್. ಅದನ್ನು ಆರಿಸುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ಕೂಲರ್ ಆರಿಸಿ ಮಾತಾಡು ಅಂದರೆ ನಾನು ವಿಡಿಯೋನೇ ಬಿಡ್ತೀನಿ. ನನಗೀಗ ಐದು ತುಂಬಿ ಆರರಲ್ಲಿ ಬಿದ್ದಿದೆ, ಗೊತ್ತಿಲ್ಲದವರಿಗೆ ಹೇಳಿದೆ ಅಷ್ಟೆ. ಮುಂದಿನ ತಿಂಗಳು ಕುಬಸ. ಸೀರೆ ವಿಡಿಯೋ ಬೇರೆ ಹಾಕುತ್ತೇನೆ, ಈಗಲೇ ಕೇಳಬೇಡಿ.

ಇದು ನಿನ್ನೆ ಸಂಜೆಯದು, ತೀನ್ ಕಂದೀಲ್ ಕಡೆ ಹೋಗಿದ್ದೆವು. ಈ ಗದ್ದಲ ಬೇಗ ಓಡಿಸುತ್ತೇನೆ. ಇಲ್ಲಿ ನಿಲ್ಲಿಸಿ. ಈ ತಳ್ಳುಗಾಡಿ. ಈ ಪಪ್ಪಾಯಿ. ನೋಡೋಕೆ ಎಷ್ಟು ಚೆಂದ ಇದೆ ಅಲ್ವಾ, ಸುತ್ತಲೂ ಅರಿಶಿನ ಹಚ್ಚಿದ ಹಾಗೆ. ಕೆಜಿಗೆ 50 ರೂಪಾಯಿ, ತೂಕ 1 ಕೆಜಿ 800 ಗ್ರಾಂ, ಅಂದರೆ 90. ನಾನು 80 ಅಂದೆ. ಆತ ನಕ್ಕ. 90 ಕೊಟ್ಟೆ.

ಮನೆಗೆ ಬಂದು ಚೀಲ ಇಡುತ್ತಿದ್ದಂತೆ ಅತ್ತೆ, "ಯವ್ವಾ, ಇದ್ಯಾಕ ತಂದಿ? ಬಸುರಿ ಹೆಂಗಸು ಇದನ್ನ ಮುಟ್ಟಬಾರದು, ಬಸಿರು ಇಳೀತದ" ಅಂದರು. ನಾನು ಓದಿಕೊಂಡೇ ಹೋಗಿದ್ದೆ, ಡಾಕ್ಟರ್ ಮೇಡಂ ಹತ್ತಿರ ಕೇಳಿಯೂ ಇದ್ದೆ, ಸರಿಯಾಗಿ ಹಣ್ಣಾಗಿದ್ದರೆ ಒಂದು ಸಣ್ಣ ಬಟ್ಟಲು ತಿನ್ನು ಅಂತ ಅವರೇ ಹೇಳಿದ್ದರು. ಆ ಧೈರ್ಯದ ಮೇಲೆ "ಅತ್ತಿ, ಅದು ಕಾಯಿಗೆ ಹೇಳಿದ ಮಾತು, ಹಣ್ಣಿಗಲ್ಲ" ಅಂತ ದೊಡ್ಡದಾಗಿ ಹೇಳಿ ಚಾಕು ಹಾಕಿದೆ.

ಈಗ ನೋಡಿ ಒಳಗೆ.

ಕಂಡಿತಾ? ಹೊರಗೆ ಹಳದಿ, ಒಳಗೆ ಸೋರೆಕಾಯಿ. ತಿರುಳು ಬೆಳ್ಳಗೆ, ಕಲ್ಲಿನಂತೆ ಗಟ್ಟಿ. ಬೀಜ ನೋಡಿ, ಅರ್ಧ ಬಿಳಿ ಅರ್ಧ ಕಂದು. ತೊಟ್ಟಿನ ಹತ್ತಿರ ಉಗುರಲ್ಲಿ ಗೀರಿದರೆ ಸಣ್ಣ ಸಣ್ಣ ಹನಿ ಬರುತ್ತಿದೆಯಲ್ಲ, ಬಿಳಿ ಹಾಲು, ಅಂಟಂಟು. ಇದೇ ಮುಖ್ಯ, ಇದನ್ನು ಇನ್ನೂ ಸ್ವಲ್ಪ ಹೊತ್ತು ತೋರಿಸುತ್ತೇನೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಉರಿಯಿತು.

ಈ ಹಾಲಿನ ಕಥೆ ಹೇಳುತ್ತೇನೆ. ಪಪ್ಪಾಯಿ ಕಾಯಿ ಇದ್ದಾಗ ಸಿಪ್ಪೆಯ ಕೆಳಗೆ ಈ ಹಾಲು ತುಂಬಿರುತ್ತದೆ. ಬಲಿಯುತ್ತಾ ಬಂದಂತೆ ತೆಳ್ಳಗೆ ನೀರಾಗುತ್ತದೆ, ಪೂರ್ತಿ ಹಣ್ಣಾದ ಮೇಲೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಇದರೊಳಗೆ ಪಪೇನ್ ಅಂತ ಒಂದು ಇರುತ್ತದೆ, ಮಾಂಸವನ್ನು ಮೆತ್ತಗೆ ಮಾಡುವಂಥದ್ದು. ನಮ್ಮೂರಲ್ಲಿ ಬಿರಿಯಾನಿ ಮಾಡುವವರನ್ನು ಕೇಳಿ, ಹೈದರಾಬಾದ್ ಕಡೆಯ ಥರ ಮಟನ್ ನೆನೆಸುವಾಗ ಹಸಿ ಪಪ್ಪಾಯಿ ಅರೆದು ಹಾಕುತ್ತಾರೆ. ಅದು ಈ ಹಾಲಿನ ಕೆಲಸವೇ.

ಬಸುರಿನ ವಿಷಯಕ್ಕೆ ಬಂದರೆ, 2002ರಲ್ಲಿ ಸಿಂಗಪುರದ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಇದನ್ನು ನೋಡಿದ್ದಾರೆ. ಇಲಿಯ ಗರ್ಭಕೋಶದ ತುಣುಕಿಗೆ ಹಣ್ಣಿನ ರಸ ಹಾಕಿದರೆ ಅದು ಬಿಗಿಯಲಿಲ್ಲ. ಕಾಯಿಯ ಹಾಲು ಹಾಕಿದರೆ ಬಿಗಿಯಿತು, ಹೆರಿಗೆ ನೋವು ತರಿಸುವ ಆಕ್ಸಿಟೋಸಿನ್ ಹಾಕಿದಾಗ ಬಿಗಿಯುವ ಹಾಗೆ. ಇಲಿ ಇಲಿಯೇ, ಮನುಷ್ಯರಲ್ಲ, ಬಸುರಿಯರಿಗೆ ಕಾಯಿ ತಿನ್ನಿಸಿ ಯಾರೂ ಪರೀಕ್ಷೆ ಮಾಡುವುದಿಲ್ಲ, ಮಾಡಲೂಬಾರದು. ಆದರೂ ಹಸಿ ಕಾಯಿ, ಅರೆಗಾಯಿ ಬೇಡ ಅನ್ನೋಕೆ ಅಷ್ಟು ಸಾಕು. ಅಂದರೆ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾಯಿಯ ಮಾತು ಹೇಗೋ ಹಣ್ಣಿಗೂ ಅಂಟಿಕೊಂಡಿದೆ.

ಅಂಟಿಕೊಂಡಿದ್ದು ಏಕೆ ಅಂತ ನಿನ್ನೆ ಈ 90 ರೂಪಾಯಿಯಲ್ಲಿ ಗೊತ್ತಾಯಿತು. ಹಣ್ಣು ಅಂತ ಮಾರಿದ್ದೆಲ್ಲ ಹಣ್ಣಲ್ಲ. ಬಲಿಯುವ ಮೊದಲೇ ಕಿತ್ತು ಕಾರ್ಬೈಡ್ ಪುಡಿ ಪೊಟ್ಟಣ ಕಟ್ಟಿ ಇಟ್ಟರೆ ಸಿಪ್ಪೆ ಹಳದಿ ಆಗುತ್ತದೆ, ಒಳಗೆ ಕಾಯಿ ಕಾಯಿಯಾಗಿಯೇ ಉಳಿಯುತ್ತದೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷೇಧ. ನಿಷೇಧ ಅಂದ ಮಾತ್ರಕ್ಕೆ ನಿಂತಿದೆಯಾ? ನನ್ನ ಕಾಯಿಗೆ ಅದನ್ನೇ ಹಾಕಿದ್ದರು ಅಂತ ಪ್ರಮಾಣ ಮಾಡಿ ಹೇಳುವುದಿಲ್ಲ, ಎಳೆಯದಾಗಿ ಕಿತ್ತಿದ್ದರು ಅನ್ನುವುದು ಮಾತ್ರ ಖಾತ್ರಿ. ಹಾಗಾಗಿ ಬಣ್ಣ ನೋಡಿ ತರಬೇಡಿ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು, ತೊಟ್ಟಿನ ಹತ್ತಿರ ಸಿಹಿ ವಾಸನೆ ಬರಬೇಕು, ಕುಯ್ದ ಮೇಲೆ ತಿರುಳು ಸಿಪ್ಪೆಯವರೆಗೂ ಕೇಸರಿ ಬಣ್ಣ ಇರಬೇಕು. ಬೀಜ ಕಪ್ಪಗಿದೆ ಅಂತ ಅಷ್ಟಕ್ಕೇ ನಂಬಬೇಡಿ, ಕಾಯಿ ಬಲಿತಾಗಲೇ ಬೀಜ ಕಪ್ಪಾಗುತ್ತದೆ, ಆಗಿನ್ನೂ ಹಣ್ಣಾಗಿರುವುದಿಲ್ಲ. ಬಿಳಿ ಹಾಲು ಕಂಡರೆ ಮುಗಿಯಿತು, ಪಕ್ಕಕ್ಕಿಡಿ. ರಬ್ಬರ್ ಕೈಗವಸು ಹಾಕಿದರೆ ಕೆಲವರಿಗೆ ಮೈ ತುರಿಸುತ್ತದಲ್ಲ, ಅವರಿಗೆ ಪಪ್ಪಾಯಿಯೂ ಆಗದೇ ಇರಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ಸರಿ, ಇದು ಇವತ್ತು ಬೆಳಿಗ್ಗೆ. ಎರಡು ಹೋಳನ್ನೂ ಕವರಲ್ಲಿ ಹಾಕಿಕೊಂಡು ಅದೇ ಗಾಡಿ ಹುಡುಕಿ ಹೋದೆ. ನಮ್ಮ ಯಜಮಾನರು "90 ರೂಪಾಯಿಗೆ ಪೆಟ್ರೋಲ್ ಸುಡ್ತೀಯಾ" ಅಂದರು. ಪ್ರಶ್ನೆ 90 ರೂಪಾಯಿದಲ್ಲ, ಅತ್ತೆಯ ಮುಂದೆ ಮಾನ ಹೋಗಿದ್ದು. ಆ ಮನುಷ್ಯ ಏನಂದ ಕೇಳಿ: "ಅಕ್ಕಾರ, ನಾ ಏನು ಅದರೊಳಗ ಹೊಕ್ಕು ನೋಡೀನೇನ್ರಿ?" ಸುತ್ತ ನಿಂತವರೆಲ್ಲ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಬಸುರಿ ಹೆಂಗಸಿಗೆ ಕಾಯಿ ಮಾರಿದ್ದೀಯಲ್ಲಪ್ಪಾ ಅಂದೆ. ಆಗ ಅವನ ಮುಖ ಸಪ್ಪಗಾಯಿತು. ದುಡ್ಡು ಕೊಡಲಿಲ್ಲ, ನಾಲ್ಕು ಚಿಕ್ಕು ಕೊಟ್ಟ. ನಿನ್ನೆ ರಾತ್ರಿ ಎಲ್ಲ ಇವರೆಲ್ಲ ಮೋಸಗಾರರು ಅಂತ ಬೈದಿದ್ದೆ. ಈಗ ಹಾಗೆ ಅನಿಸುತ್ತಿಲ್ಲ, ಅವನೂ ಸಗಟಿನಲ್ಲಿ ಕ್ರೇಟ್ ಎತ್ತಿಕೊಂಡು ಬರುವವನು, ಒಳಗೆ ಹೊಕ್ಕು ನೋಡಿಲ್ಲ ಅನ್ನುವುದೂ ನಿಜವೇ. ಚಿಕ್ಕು ಮಾತ್ರ ಚೆನ್ನಾಗಿತ್ತು.

ಈ ಗುಳಿಗೆ ಡಬ್ಬಿ ಏಕೆ ತೋರಿಸಿದೆ ಅಂದರೆ, ನನಗೆ ಪಪ್ಪಾಯಿಯ ಹಟ ಬಂದಿದ್ದೇ ಇದರಿಂದ. ನಾಲ್ಕನೇ ತಿಂಗಳಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ 9.4 ಇತ್ತು. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಮ್ಮಿ ಅಂತ ಲೆಕ್ಕ. ಈ ಕೆಂಪು ಐರನ್ ಗುಳಿಗೆ ಎಲ್ಲರಿಗೂ ದಿನಕ್ಕೊಂದು, ನನಗೆ ಎರಡು ಬರೆದರು. ಮನೆಯಲ್ಲಿ ಮತ್ತೆ ಪಂಚಾಯ್ತಿ, ಐರನ್ ತಿಂದರೆ ಕೂಸು ಕಪ್ಪಾಗುತ್ತದಂತೆ. ಇದರಲ್ಲಿ ಅರ್ಧ ಸತ್ಯವೂ ಇಲ್ಲ, ಪೂರಾ ಸುಳ್ಳು. ಗುಳಿಗೆಯಿಂದ ಕಪ್ಪಾಗುವುದು ನಮ್ಮ ಮಲ, ಅದನ್ನು ನೋಡಿಯೇ ಯಾರೋ ಈ ಮಾತು ಹುಟ್ಟಿಸಿರಬೇಕು. ಕೂಸಿನ ಬಣ್ಣ ಅಪ್ಪ ಅಮ್ಮನಿಂದ ಬರುವುದು. ನಾನೂ ಕಪ್ಪು, ಅವರೂ ಕಪ್ಪು, ಕೂಸು ಬೆಳ್ಳಗೆ ಹುಟ್ಟಿದರೆ ಅದಕ್ಕೇ ಪಂಚಾಯ್ತಿ ಕೂಡಬೇಕು.

ಡಾಕ್ಟರ್ ಹೇಳಿದ್ದೇನಂದರೆ, ಗುಳಿಗೆಯನ್ನು ಚಹಾ ಜೊತೆ ತಗೊಂಡರೆ ಐರನ್ ಮೈಗೆ ಸರಿಯಾಗಿ ಹತ್ತುವುದಿಲ್ಲ, ಕ್ಯಾಲ್ಸಿಯಂ ಗುಳಿಗೆಯನ್ನೂ ಅದರ ಜೊತೆ ನುಂಗಬಾರದು, ನಡುವೆ ಎರಡು ತಾಸಾದರೂ ಬಿಡಬೇಕು. ಸಿ ವಿಟಮಿನ್ ಇರುವ ಹಣ್ಣು ಇದ್ದರೆ ಚೆನ್ನಾಗಿ ಹತ್ತುತ್ತದೆ, ರೊಟ್ಟಿ ಪಲ್ಯದಲ್ಲಿರುವ ಕಬ್ಬಿಣ ಕೂಡ. ಹಣ್ಣಾದ ಪಪ್ಪಾಯಿಯಲ್ಲಿ ಸಿ ವಿಟಮಿನ್ ಬೇಕಾದಷ್ಟಿದೆ. ಈಗ ನಮ್ಮ ಮನೆ ಲೆಕ್ಕ ನೋಡಿ. ದಿನಕ್ಕೆ ನಾಲ್ಕು ಕಪ್ ಚಹಾ ಅತ್ತೆಯೇ ಮಾಡಿ ಕೊಡುತ್ತಾರೆ, ಪಪ್ಪಾಯಿ ಮಾತ್ರ ಮನೆಯೊಳಗೆ ಬರಬಾರದು! ಪಪ್ಪಾಯಿ ಬೇಡ ಅಂದರೆ ಪೇರಲ, ಮೋಸಂಬಿ ತಿನ್ನಿ, ನಡೆಯುತ್ತದೆ. ಸಕ್ಕರೆ ಪರೀಕ್ಷೆಯಲ್ಲಿ 140 ದಾಟಿದವರು ಯಾವ ಹಣ್ಣು ಎಷ್ಟು ಅಂತ ಕೇಳಿಕೊಂಡೇ ತಿನ್ನಿ. ಹಾಂ, ಕುಬಸದ ಕೇಕಿಗೆ ಟೂಟಿ ಫ್ರೂಟಿ ಹಾಕಿಸೋಣ ಅಂತ ಅತ್ತೆಯೇ ಹೇಳಿದ್ದಾರೆ, ಅದನ್ನು ಮಾಡುವುದು ಪಪ್ಪಾಯಿ ಕಾಯಿಯಿಂದ ಅಂತ ನಾನಿನ್ನೂ ಹೇಳಿಲ್ಲ. ಬೇಯಿಸಿ ಪಾಕದಲ್ಲಿ ಹಾಕಿದ ನಾಲ್ಕು ಚೂರು, ಅದಕ್ಕೆ ನಾನು ಹೆದರುವುದಿಲ್ಲ.

ಈ ಕೈಗಳು ನಮ್ಮ ಯಜಮಾನರ ಸೋದರತ್ತೆಯದು. ಮುಖ ತೋರಿಸಬೇಡ ಅಂದಿದ್ದಾರೆ. ಮೂವತ್ತು ವರ್ಷದ ಹಿಂದೆ ಎರಡು ತಿಂಗಳಿದ್ದಾಗ ಹಿತ್ತಲಿನ ಪಪ್ಪಾಯಿ ತಿಂದರಂತೆ, ಮೂರನೇ ದಿನ ರಕ್ತ ಹೋಯಿತಂತೆ. ಅವತ್ತಿನಿಂದ ಈ ಮನೆಯಲ್ಲಿ ಪಪ್ಪಾಯಿ ಅಂದರೆ ಇವರ ಕಥೆ, ಇವರ ಕಥೆ ಅಂದರೆ ಪಪ್ಪಾಯಿ. ನಾನು ಒಂದೇ ಪ್ರಶ್ನೆ ಕೇಳಿದೆ, ಅದು ಕಾಯೋ ಹಣ್ಣೋ? "ಹಣ್ಣವ್ವಾ. ಗಿಳಿ ಕಚ್ಚಿತ್ತು, ಆ ಕಡೆ ಹೋಳು ಕೊಯ್ದು ಒಗದು ಈ ಕಡೇದು ತಿಂದೆ" ಅಂದರು. ಗಿಳಿ ಕಚ್ಚುವುದು ಮಾಗಿದ ಹಣ್ಣನ್ನು. ಡಾಕ್ಟರ್ ಹತ್ತಿರ ಇದನ್ನೂ ಕೇಳಿದ್ದೆ. ಮೊದಲ ಮೂರು ತಿಂಗಳಲ್ಲಿ ಇಳಿಯುವ ಬಸಿರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ರೋಮೋಸೋಮ್ ತಪ್ಪಿನಿಂದ, ಅದು ಬಸಿರು ನಿಲ್ಲುವಾಗಲೇ ಆಗಿಹೋಗಿರುತ್ತದೆ, ಆಮೇಲೆ ಏನು ತಿಂದರೂ ಬಿಟ್ಟರೂ ಬದಲಾಗುವುದಿಲ್ಲ. ಇವರದು ಅದೇ ಅಂತ ಈಗ ಯಾರು ಹೇಳೋಕಾಗುತ್ತೆ, ಆಗ ಯಾರೂ ಪರೀಕ್ಷೆ ಮಾಡಿಸಿಲ್ಲ. ಆದರೆ ಆ ಹಣ್ಣಿನ ಮೇಲೆ ಅಪವಾದ ಹೊರಿಸೋಕೆ ಕಾರಣ ನನಗೆ ಕಾಣುವುದಿಲ್ಲ. ಈಗಿನವರು ಒಂದು ತಿಳಿದುಕೊಳ್ಳಿ, ರಕ್ತ ಕಂಡರೆ, ಹೊಟ್ಟೆ ಹಿಡಿದು ಹಿಡಿದು ನೋವು ಬಂದರೆ, ಏನು ತಿಂದೆ ಅಂತ ಲೆಕ್ಕ ಹಾಕುತ್ತಾ ಮನೆಯಲ್ಲಿ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

ಇದೆಲ್ಲ ಹೇಳಿದ ಮೇಲೆ ಅವರು ಬಹಳ ಹೊತ್ತು ಚಿಕ್ಕು ಸಿಪ್ಪೆ ಸುಲಿಯುತ್ತಾ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಡಾಕ್ಟರು ಇದನ್ನ ನಿಮ್ಮತ್ತಿಗೂ ಹೇಳ್ಯಾರೇನು?"

ಹೇಳಿಲ್ಲ. ಬರುವ ಮಂಗಳವಾರ ಚೆಕಪ್ ಇದೆ, ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ.

ಅಯ್ಯೋ, ಕರೆಂಟ್ ಹೋಯಿತು. ಪಕ್ಕದ ಶಕ್ತಿನಗರದಲ್ಲಿ ಕರೆಂಟ್ ತಯಾರು ಮಾಡುತ್ತಾರೆ, ನಮ್ಮ ಓಣಿಯಲ್ಲಿ ಹೋಗುತ್ತದೆ. ಆ ಕಾಯಿ ಏನಾಯ್ತು ಅಂದಿರಾ? ಇಲ್ಲೇ ಇದೆ ನೋಡಿ, ಭಾನುವಾರ ಮಟನ್‌ಗೆ ಅರೆದು ಹಾಕುತ್ತಾರೆ. ಆ ಮಟನ್ ಅವರಿಗೆ, ನನಗೆ ಬೇರೆ ಒಲೆ ಮೇಲೆ ಮೊಟ್ಟೆ ಸಾರು.